ಮೇಲೆ ಏನೂ ಕಾಣುತ್ತಿಲ್ಲ, ನೋವು ಮಾತ್ರ ತಡೆಯಲಾಗುತ್ತಿಲ್ಲ: ಮಾಂಸ ಕೊಳೆಸುವ ನಂಜನ್ನು ಗುರುತಿಸಿ ಆಸ್ಪತ್ರೆ ತಲುಪುವ ಕ್ರಮ

"ಕಾಲಿಗೆ ನಂಜಾಗಿದೆ ಅಷ್ಟೇ, ಮೇಲೆ ಸ್ವಲ್ಪ ಕೆಂಪಗಿದೆ. ಎರಡು ದಿನ ಇಂಜೆಕ್ಷನ್ ಕೊಟ್ಟು ನೋಡಬಾರದೇ? ಇವತ್ತೇ ಕೊಯ್ಯಬೇಕು ಎನ್ನುತ್ತಿದ್ದಾರಲ್ಲ, ಒಪ್ಪಿಕೊಳ್ಳಬಹುದೇ?" ಶಸ್ತ್ರಚಿಕಿತ್ಸಕನಾದ ನನಗೆ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರು ಹೆಚ್ಚಿನ ಸಲ ಆಸ್ಪತ್ರೆಯ ಮೊಗಸಾಲೆಯಲ್ಲಿ ಒಪ್ಪಿಗೆ ಪತ್ರ ಕೈಯಲ್ಲಿ ಹಿಡಿದು ನಿಂತಿರುತ್ತಾರೆ. ಆ ಹೊತ್ತಿನಲ್ಲಿ ವಿವರವಾಗಿ ಉತ್ತರಿಸಲು ಸಮಯ ಇರುವುದಿಲ್ಲ. ಆದ್ದರಿಂದ ಮನೆಯಲ್ಲಿ ನೋವು ಶುರುವಾದ ಗಳಿಗೆಯಿಂದ ಗಾಯ ಮುಚ್ಚುವವರೆಗೆ ಏನೇನು ಮಾಡಬೇಕು, ಯಾವುದನ್ನು ಮಾಡಬಾರದು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಕಾಯಿಲೆಯ ಹೆಸರು ನೆಕ್ರೊಟೈಸಿಂಗ್ ಫ್ಯಾಸಿಯೈಟಿಸ್. ನೆಕ್ರೊಟೈಸಿಂಗ್ ಎಂದರೆ ಜೀವವಿದ್ದ ಭಾಗವನ್ನು ಸಾಯಿಸುವುದು. ಫ್ಯಾಸಿಯಾ ಎಂದರೆ ಚರ್ಮದ ಕೆಳಗಿನ ಕೊಬ್ಬಿಗೂ ಅದರಡಿಯ ಮಾಂಸಕ್ಕೂ ನಡುವೆ ಹಾಸಿಕೊಂಡಿರುವ ಬಿಳಿಯ ಪೊರೆ. ಕುರಿಮಾಂಸ ಕತ್ತರಿಸುವುದನ್ನು ನೋಡಿದವರಿಗೆ, ಕತ್ತಿ ತಾಗಿಸಿ ಎಳೆದಾಗ ಹಾಳೆಯಂತೆ ಬಿಡಿಸಿಕೊಂಡು ಬರುವ ಆ ಪೊರೆ ನೆನಪಿಗೆ ಬರುತ್ತದೆ. ರೋಗಾಣುಗಳು ಆ ಪದರ ಹಿಡಿದು ಉದ್ದಕ್ಕೆ ಓಡುತ್ತವೆ. ಪೊರೆಗೆ ರಕ್ತದ ಹರಿವು ಕಡಿಮೆ, ಹೀಗಾಗಿ ಅಲ್ಲಿ ತಡೆ ಒಡ್ಡುವವರು ಇಲ್ಲ.

ಗೆದ್ದಲು ಹಿಡಿದ ಬಾಗಿಲ ಚೌಕಟ್ಟನ್ನು ನೆನಪಿಸಿಕೊಳ್ಳಿ. ಹೊರಗೆ ಬಣ್ಣ ಹಾಗೆಯೇ ಇರುತ್ತದೆ, ಬೆರಳಿನಿಂದ ಒತ್ತಿದರೆ ಒಳಕ್ಕೆ ಇಳಿಯುತ್ತದೆ. ಈ ಕಾಯಿಲೆಯಲ್ಲಿ ಚರ್ಮ ಆ ಬಣ್ಣದ ಹಾಗೆ. ಚರ್ಮಕ್ಕೆ ರಕ್ತ ತರುವ ಸಣ್ಣ ನಾಳಗಳು ಪೊರೆಯನ್ನು ತೂರಿಕೊಂಡೇ ಮೇಲೆ ಬರುತ್ತವೆ. ಒಳಗೆ ಆ ನಾಳಗಳು ಹೆಪ್ಪುಗಟ್ಟಿ ಮುಚ್ಚಿಕೊಂಡ ಎಷ್ಟೋ ಗಂಟೆಗಳ ಮೇಲೆ ಚರ್ಮ ನೀಲಿಗಟ್ಟುತ್ತದೆ, ಗುಳ್ಳೆ ಏಳುತ್ತದೆ, ಕಪ್ಪಾಗುತ್ತದೆ. ಪೊರೆಯ ಬದಿಯಲ್ಲೇ ಹಾಯುವ ನರಗಳಿಗೆ ಮಾತ್ರ ಸುದ್ದಿ ಮೊದಲ ಗಂಟೆಯಲ್ಲೇ ಮುಟ್ಟುತ್ತದೆ. ಹಾಗಾಗಿ ನೋವು ಮೊದಲು, ಚರ್ಮದ ಬದಲಾವಣೆ ಕೊನೆಗೆ. ಮುಂದಿನ ಹಂತಗಳೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿವೆ.

1. ನೋವನ್ನೂ ಚರ್ಮವನ್ನೂ ಅಕ್ಕಪಕ್ಕ ಇಟ್ಟು ನೋಡಿ

ಸಾಮಾನ್ಯ ನಂಜಿನಲ್ಲಿ, ಅಂದರೆ ಚರ್ಮದ ಮಟ್ಟದಲ್ಲೇ ಉಳಿಯುವ ಸೆಲ್ಯುಲೈಟಿಸ್‌ನಲ್ಲಿ, ನೋವು ಕೆಂಪಗಿರುವಲ್ಲೇ ಇರುತ್ತದೆ. ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟರೆ ತುಸು ಹಾಯೆನಿಸುತ್ತದೆ. ರೋಗಿ ಕುಂಟುತ್ತಲಾದರೂ ಬಚ್ಚಲಿಗೆ ಹೋಗಿ ಬರುತ್ತಾರೆ, ಮಾತನಾಡಿಸಿದರೆ ಸರಿಯಾಗಿ ಉತ್ತರಿಸುತ್ತಾರೆ.

ಪೊರೆ ಹಿಡಿದ ನಂಜಿನ ನೋವು ಹೀಗಿರುವುದಿಲ್ಲ. ಕಾಣುವುದು ಅಂಗೈಯಗಲದ ಕೆಂಪು, ಆದರೆ ರೋಗಿ ಮಗ್ಗುಲು ಬದಲಿಸಲಾರರು, ಹೊದಿಕೆ ತಾಗಿದರೂ ಚೀರುತ್ತಾರೆ, ಕಾಲು ಎತ್ತಿಟ್ಟರೂ ಇಳಿಸಿದರೂ ಸಮಾಧಾನವಿಲ್ಲ. ಮನೆಯವರು ಮಾಡಬಹುದಾದ ಅತ್ಯಂತ ಉಪಯುಕ್ತ ಪರೀಕ್ಷೆ ಒಂದಿದೆ. ಕೆಂಪು ಮುಗಿಯುವ ಗೆರೆಯಿಂದ ನಾಲ್ಕು ಬೆರಳು ಆಚೆ, ನೋಡಲು ಪೂರ್ತಿ ಸರಿಯಾಗಿರುವ ಚರ್ಮದ ಮೇಲೆ ಮೆಲ್ಲನೆ ಒತ್ತಿ. ಅಲ್ಲೂ ನೋವಿನಿಂದ ಕಾಲೆಳೆದುಕೊಂಡರೆ, ಅಥವಾ ಅಲ್ಲಿ ಚರ್ಮದಡಿ ಮೆತ್ತಗಿರುವ ಬದಲು ಹಲಗೆಯಂತೆ ಗಟ್ಟಿಯಾಗಿದ್ದರೆ, ನಂಜು ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಹೋಗಿದೆ ಎಂದು ತಿಳಿಯಿರಿ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಮೊದಲನೆಯದು ಜ್ವರ. "ಮೈ ಬಿಸಿಯಿಲ್ಲ, ಹಾಗಾಗಿ ದೊಡ್ಡದೇನಲ್ಲ" ಎಂದು ಕಾಯುತ್ತಾರೆ. ಈ ಕಾಯಿಲೆಯಲ್ಲಿ ಆಸ್ಪತ್ರೆಗೆ ಬಂದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಜ್ವರ ಇರುವುದೇ ಇಲ್ಲ. ಜ್ವರಕ್ಕಿಂತ ನಾಡಿ ನೋಡಿ. ಸುಮ್ಮನೆ ಮಲಗಿದವರ ನಾಡಿ ನಿಮಿಷಕ್ಕೆ 110 ದಾಟಿದ್ದರೆ, ಉಸಿರು ಏದುಸಿರಾಗಿದ್ದರೆ, ಮಾತು ತೊದಲುತ್ತಿದ್ದರೆ ಅದು ನಂಜು ರಕ್ತಕ್ಕೆ ಇಳಿದ ಲಕ್ಷಣ.

ಎರಡನೆಯದು ಹಳೆಯ ಸಕ್ಕರೆ ಕಾಯಿಲೆ. ಹತ್ತಾರು ವರ್ಷ ಮಧುಮೇಹ ಇದ್ದವರ ಪಾದಗಳಲ್ಲಿ ಸ್ಪರ್ಶವೇ ಮಂದವಾಗಿರುತ್ತದೆ. ಅವರಲ್ಲಿ ನೋವು ಎಂಬ ಎಚ್ಚರಿಕೆಯ ಗಂಟೆ ಬಾರಿಸದೇ ಹೋಗಬಹುದು. ಕಾಲು ಊದಿದೆ, ಮಾತ್ರೆ ತಪ್ಪಿಸದಿದ್ದರೂ ಸಕ್ಕರೆ ಏಕಾಏಕಿ ಏರಿದೆ, ಮನುಷ್ಯ ಮಂಕಾಗಿದ್ದಾರೆ ಎಂದರೆ ನೋವಿಲ್ಲದಿದ್ದರೂ ಹೊರಡಿ.

2. ಗಡಿಗೆ ಪೆನ್ನಿನ ಗೆರೆ ಎಳೆಯಿರಿ, ಪಕ್ಕದಲ್ಲಿ ಗಂಟೆ ಬರೆಯಿರಿ

ಬಾಲ್‌ಪೆನ್ನಿನಿಂದ ಕೆಂಪಿನ ಅಂಚಿನುದ್ದಕ್ಕೂ ಚರ್ಮದ ಮೇಲೆ ಗೆರೆ ಎಳೆದು ಹೊತ್ತು ಬರೆಯಿರಿ. ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ಗಂಟೆ ಎರಡು ಗಂಟೆಯಲ್ಲಿ ಕೆಂಪೋ ಬಾವೋ ಗೆರೆ ದಾಟಿ ಬೆರಳುಗಳಷ್ಟು ಮುಂದೆ ಸರಿದಿದ್ದರೆ ವೈದ್ಯರಿಗೆ ನೀವು ಕೊಡಬಹುದಾದ ಇದಕ್ಕಿಂತ ದೊಡ್ಡ ಮಾಹಿತಿ ಇಲ್ಲ. ರಾತ್ರಿ ಕರ್ತವ್ಯದಲ್ಲಿರುವ ವೈದ್ಯರು ರೋಗಿಯನ್ನು ಮೊದಲ ಸಲ ನೋಡುತ್ತಿರುತ್ತಾರೆ. ಬೆಳಿಗ್ಗೆ ಹೇಗಿತ್ತು ಎಂಬುದು ಅವರಿಗೆ ಗೊತ್ತಿಲ್ಲ, ಗೆರೆ ಹೇಳುತ್ತದೆ.

ಇದರ ಮಿತಿಯನ್ನೂ ಹೇಳಿಬಿಡುತ್ತೇನೆ. ಸಾಮಾನ್ಯ ಸೆಲ್ಯುಲೈಟಿಸ್ ಕೂಡ ಮಾತ್ರೆ ಶುರುಮಾಡಿದ ಮೊದಲ ದಿನ ಸ್ವಲ್ಪ ಹರಡಬಹುದು. ಇತ್ತ ಪೊರೆಯ ನಂಜು ಮೇಲೆ ಕೆಂಪು ತೋರಿಸದೆಯೇ ಒಳಗೆ ಮೊಳಕಾಲು ದಾಟಿರಬಹುದು. ಆದ್ದರಿಂದ ಗೆರೆ ದಾಟಿದ್ದರೆ ಹೊರಡಿ. ಆದರೆ ಅಸಾಧ್ಯ ನೋವು ಇದ್ದಾಗ "ಗೆರೆ ದಾಟಿಲ್ಲವಲ್ಲ" ಎಂದು ಕಾಯಬೇಡಿ. ಗೆರೆ ಎಳೆಯುವುದು ವಾಹನ ಬರುವವರೆಗಿನ ಕೆಲಸ.

3. ನೋವು ತಾನಾಗಿ ಇಳಿದರೆ ಹಿಗ್ಗಬೇಡಿ

ಇದು ಈ ಕಾಯಿಲೆಯ ಅತ್ಯಂತ ಕ್ರೂರ ತಿರುವು, ಅದಕ್ಕೇ ಇದನ್ನು ಬೇರೆ ಹಂತವಾಗಿ ಬರೆಯುತ್ತಿದ್ದೇನೆ. ಹನ್ನೆರಡೋ ಇಪ್ಪತ್ತನಾಲ್ಕೋ ಗಂಟೆ ನರಳಿದವರು "ಈಗ ಪರವಾಗಿಲ್ಲ" ಎನ್ನುತ್ತಾರೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ, ಹೊರಟಿದ್ದ ವಾಹನವನ್ನು ಬೇಡ ಎನ್ನುತ್ತಾರೆ. ಒಳಗೆ ಆಗಿರುವುದು ಬೇರೆ: ಚರ್ಮಕ್ಕೆ ಹೋಗುವ ನರಗಳೇ ಸತ್ತಿವೆ. ನೋವಿದ್ದ ಜಾಗದ ಚರ್ಮವನ್ನು ಮೆಲ್ಲನೆ ಚಿವುಟಿ ನೋಡಿ. ಚಿವುಟಿದ್ದು ಗೊತ್ತಾಗದಿದ್ದರೆ, ಊತ ಇಳಿಯದೆ ನೋವು ಮಾತ್ರ ಇಳಿದಿದ್ದರೆ, ಅದು ಗುಣವಲ್ಲ. ನಿಮಗಿರುವ ಸಮಯ ಇನ್ನೂ ಕಡಿಮೆಯಾಗಿದೆ ಎಂದರ್ಥ.

4. ಇವುಗಳನ್ನು ಮಾಡಬೇಡಿ

ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಮರಳಬೇಡಿ. ನೋವು ತಗ್ಗಿಸುವುದು ತಪ್ಪಲ್ಲ, ಆಸ್ಪತ್ರೆಯಲ್ಲಿ ನಾವೂ ಕೊಡುತ್ತೇವೆ. ಆದರೆ ಕಾರಣ ತಿಳಿಯದೆ ಡೈಕ್ಲೊಫೆನಾಕ್‌ನಂಥ ಔಷಧಿ ಕೊಟ್ಟು ಕಳುಹಿಸಿದರೆ ನೋವೂ ಜ್ವರವೂ ಆರೆಂಟು ಗಂಟೆ ಮರೆಯಾಗುತ್ತವೆ, ನಂಜು ಮುಂದುವರಿಯುತ್ತದೆ. ಊತಕ್ಕೆಂದು ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಇನ್ನೂ ಕೆಟ್ಟದ್ದು, ಅದು ಸಕ್ಕರೆ ಏರಿಸುತ್ತದೆ, ದೇಹದ ಪ್ರತಿರೋಧವನ್ನು ತಗ್ಗಿಸುತ್ತದೆ.

ಸೊಪ್ಪು ಅರೆದು ಕಟ್ಟಬೇಡಿ, ಅರಿಸಿನ ಬಳಿಯಬೇಡಿ, ಬಿಸಿ ಉಪ್ಪಿನ ಗಂಟಿನಿಂದ ಕಾವು ಕೊಡಬೇಡಿ. ಅರಿಸಿನದ ಹಳದಿಯಡಿ ಚರ್ಮ ನೀಲಿಯಾದದ್ದು ಯಾರಿಗೂ ಕಾಣುವುದಿಲ್ಲ, ಸ್ಪರ್ಶ ಕಳೆದುಕೊಂಡ ಚರ್ಮಕ್ಕೆ ಕಾವು ಕೊಟ್ಟರೆ ಸುಟ್ಟ ಗಾಯವೂ ಸೇರಿಕೊಳ್ಳುತ್ತದೆ. ಕೀವು ತೆಗೆಯುತ್ತೇನೆಂದು ಹಿಂಡುವುದೂ ಬೇಡ. ಇಲ್ಲಿ ಹಿಂಡಿ ತೆಗೆಯುವಂಥ ಗಟ್ಟಿ ಕೀವು ಇರುವುದಿಲ್ಲ.

ಇನ್ನೊಂದು ಮಾತು, ಹೇಳಲು ಸಂಕೋಚಪಡುವವರಿಗಾಗಿ. ಇದೇ ಕಾಯಿಲೆ ವೃಷಣದ ಚೀಲ ಮತ್ತು ಗುದದ್ವಾರದ ನಡುವಿನ ಭಾಗದಲ್ಲೂ ಬರುತ್ತದೆ. 1883ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ವೈದ್ಯನ ಹೆಸರಿನಲ್ಲಿ ಅದನ್ನು ಫೋರ್ನಿಯೆ ಗ್ಯಾಂಗ್ರೀನ್ ಎನ್ನುತ್ತಾರೆ. ಗಂಡಸರು ಇದನ್ನು ಹೆಂಡತಿಗೂ ಹೇಳದೆ ಎರಡು ಮೂರು ದಿನ ಮುಚ್ಚಿಡುತ್ತಾರೆ. ಅಲ್ಲಿ ಕುಳಿತುಕೊಳ್ಳಲಾಗದಷ್ಟು ನೋವು ಮತ್ತು ಊತ ಇದ್ದರೆ ಅದೇ ದಿನ ತೋರಿಸಿ. ಹೆಸರಿನ ಕೊನೆಯಲ್ಲಿ "ಗ್ಲಿಫ್ಲೊಜಿನ್" ಎಂದಿರುವ ಸಕ್ಕರೆ ಮಾತ್ರೆ, ಉದಾಹರಣೆಗೆ ಡಾಪಾಗ್ಲಿಫ್ಲೊಜಿನ್, ತೆಗೆದುಕೊಳ್ಳುವವರಲ್ಲಿ ಇದು ಅಪರೂಪಕ್ಕೆ ಕಾಣಿಸಿಕೊಂಡಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ಒಳ್ಳೆಯ ಔಷಧಿ ಅದು, ಹೆದರಿ ನಿಲ್ಲಿಸಬೇಡಿ, ಆದರೆ ವೈದ್ಯರಿಗೆ ಅದರ ಹೆಸರು ಹೇಳಿ.

ಕರಾವಳಿಯ ಮೀನುಗಾರರಿಗೂ ಒಂದು ಎಚ್ಚರಿಕೆ. ಸಮುದ್ರದ ನೀರಿನಲ್ಲಿ ಅಥವಾ ಏಡಿ, ಮೀನಿನ ಮುಳ್ಳಿನಿಂದ ಆದ ಗಾಯದಲ್ಲಿ ವಿಬ್ರಿಯೊ ಎಂಬ ರೋಗಾಣು ಸೇರಬಹುದು. ಯಕೃತ್ತು ಕೆಟ್ಟಿರುವವರಲ್ಲಿ ಅದು ಒಂದೆರಡು ದಿನದಲ್ಲೇ ಪ್ರಾಣಕ್ಕೆ ಎರವಾಗಬಹುದು. ಅಂಥವರಲ್ಲಿ ಮೇಲಿನ ಹಂತಗಳಿಗೆ ಕಾಯುವ ಪ್ರಶ್ನೆಯೇ ಇಲ್ಲ.

5. ಯಾವ ಆಸ್ಪತ್ರೆ, ಕೈಯಲ್ಲಿ ಏನು, ಬಾಯಲ್ಲಿ ಏನು

ಹತ್ತಿರದ ಆಸ್ಪತ್ರೆ ಎಂದಷ್ಟೇ ನೋಡಬೇಡಿ. ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು, ರಕ್ತನಿಧಿ, ತೀವ್ರ ನಿಗಾ ಘಟಕ ನಾಲ್ಕೂ ಇರುವ ಜಾಗ ಬೇಕು. ಬಹುಪಾಲು ಅದು ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಹೊರಡುವ ಮೊದಲು ಫೋನ್ ಮಾಡಿ "ಈಗ ಆಪರೇಷನ್ ಮಾಡುವ ಸರ್ಜನ್ ಇದ್ದಾರೆಯೇ" ಎಂದು ಕೇಳಿ. ಒಂದು ಕಡೆ ಹೋಗಿ, ಅಲ್ಲಿಂದ ಇನ್ನೊಂದು ಕಡೆಗೆ ಕಳುಹಿಸಿ, ಹೀಗೆ ಮೂರು ಆಸ್ಪತ್ರೆ ಸುತ್ತುವುದರಲ್ಲೇ ಕಳೆದುಹೋಗುವ ಗಂಟೆಗಳು ಮತ್ತೆ ಸಿಗುವುದಿಲ್ಲ. ಕರ್ನಾಟಕದಲ್ಲಿ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ರೋಗಿಯ ರಕ್ತದೊತ್ತಡ ಇಳಿದಿದ್ದರೆ ದಾರಿಯಲ್ಲೇ ಡ್ರಿಪ್ ಹಾಕಬಹುದು. ದೂರದ ದಾರಿಯಾದರೆ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಆಂಟಿಬಯಾಟಿಕ್‌ನ ಮೊದಲ ಡೋಸನ್ನು ರಕ್ತನಾಳಕ್ಕೆ ಹಾಕಿಸಿಕೊಂಡು ಮುಂದುವರಿಯಿರಿ, ಆದರೆ ಅದರ ಪರಿಣಾಮ ನೋಡಲು ಅಲ್ಲಿ ತಂಗಬೇಡಿ.

ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ, ಮುಖ್ಯವಾಗಿ ರಕ್ತ ತೆಳುವಾಗಿಸುವ ಮಾತ್ರೆ ಮತ್ತು ಸಕ್ಕರೆ ಮಾತ್ರೆ. ಆಧಾರ್ ಮತ್ತು ಪಡಿತರ ಚೀಟಿ ಇರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಚೀಟಿ ಸಿಗಲಿಲ್ಲವೆಂದು ಹೊರಡುವುದನ್ನು ತಡಮಾಡಬೇಡಿ, ಅದನ್ನು ಯಾರಾದರೂ ಹಿಂದಿನಿಂದ ತರಲಿ. ಹೊರಟ ಮೇಲೆ ರೋಗಿಗೆ ಊಟ, ಕಾಫಿ ಕೊಡಬೇಡಿ, ಕೊನೆಯದಾಗಿ ತಿಂದ ಹೊತ್ತನ್ನು ನೆನಪಿಟ್ಟುಕೊಳ್ಳಿ.

ತುರ್ತು ವಿಭಾಗದಲ್ಲಿ "ಕಾಲು ನೋವು" ಎಂದಷ್ಟೇ ಹೇಳಿದರೆ ನಿಮ್ಮನ್ನು ಸಾಲಿನಲ್ಲಿ ಕೂರಿಸುತ್ತಾರೆ. ಹೀಗೆ ಹೇಳಿ: "ಇವರಿಗೆ ಸಕ್ಕರೆ ಕಾಯಿಲೆ ಇದೆ, ನಿನ್ನೆಯಿಂದ ಕಾಲಿನಲ್ಲಿ ನಂಜು, ಕಾಣುವುದಕ್ಕಿಂತ ನೋವು ತುಂಬಾ ಹೆಚ್ಚಾಗಿದೆ, ಕೆಂಪು ಎರಡು ಗಂಟೆಯಲ್ಲಿ ಇಷ್ಟು ಹರಡಿದೆ. ಇದು ಪೊರೆಗೆ ಇಳಿದಿದೆಯೇ ಎಂದು ಸರ್ಜನ್ ನೋಡಬೇಕು." ಮುಜುಗರಪಡಬೇಡಿ. ಮೊದಲ ನೋಟಕ್ಕೆ ಈ ಕಾಯಿಲೆ ಅನುಭವಿಗಳ ಕಣ್ಣನ್ನೂ ತಪ್ಪಿಸುತ್ತದೆ, ನಿಮ್ಮ ಈ ಮಾತು ಅವರಿಗೆ ನೆರವಾಗುತ್ತದೆ.

6. ಪರೀಕ್ಷೆಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ

ರಕ್ತ ತೆಗೆಯುತ್ತಾರೆ. ಬಿಳಿ ರಕ್ತಕಣ ಏರಿರುವುದು, ಸೋಡಿಯಂ ಇಳಿದಿರುವುದು, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಹೆಚ್ಚಿರುವುದು, ಉರಿಯೂತ ತೋರಿಸುವ ಸಿಆರ್‌ಪಿ 150 ದಾಟಿರುವುದು ಅನುಮಾನವನ್ನು ಬಲಪಡಿಸುತ್ತವೆ. ಇಂಥ ಆರು ಅಂಶಗಳನ್ನು ಕೂಡಿಸಿ ಅಂಕ ಕೊಡುವ ಲ್ರಿನೆಕ್ ಎಂಬ ಪದ್ಧತಿಯನ್ನು 2004ರಲ್ಲಿ ಸಿಂಗಪುರದ ವೈದ್ಯರು ರೂಪಿಸಿದರು. 6 ಅಥವಾ ಹೆಚ್ಚು ಬಂದರೆ ಅನುಮಾನ ಪಡಬೇಕು. ಆದರೆ ಕಾಯಿಲೆ ನಿಜವಾಗಿ ಇರುವವರಲ್ಲೇ ಸುಮಾರು ಮೂರನೇ ಒಂದು ಭಾಗದ ಜನರ ಅಂಕ 6ನ್ನು ಮುಟ್ಟುವುದಿಲ್ಲ. ಎಕ್ಸ್‌ರೇಯದೂ ಅದೇ ಪಾಡು. ಒಳಗೆ ಗಾಳಿ ಗುಳ್ಳೆ ಕಂಡರೆ ಅನುಮಾನ ಬಹುಮಟ್ಟಿಗೆ ತೀರಿದಂತೆ, ಕಾಣದಿದ್ದರೆ ಏನೂ ತೀರ್ಮಾನವಾಗುವುದಿಲ್ಲ, ಏಕೆಂದರೆ ಅರ್ಧದಷ್ಟು ರೋಗಿಗಳಲ್ಲಿ ಅದು ಕಾಣುವುದೇ ಇಲ್ಲ. ಸಿಟಿ ಸ್ಕ್ಯಾನ್ ಇದಕ್ಕಿಂತ ಉತ್ತಮ. ಆದರೂ ರಕ್ತದೊತ್ತಡ ಕುಸಿಯುತ್ತಿರುವವರನ್ನು ಸ್ಕ್ಯಾನಿಗಾಗಿ ಸರದಿಯಲ್ಲಿ ನಿಲ್ಲಿಸುವುದು ತಪ್ಪು. "ಸ್ಕ್ಯಾನ್ ಮಾಡದೆ ಕೊಯ್ಯುವುದು ಹೇಗೆ" ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಈ ಕಾಯಿಲೆಯಲ್ಲಿ ಅನುಮಾನ ಬಲವಾಗಿದ್ದರೆ ಕೊಯ್ದು ನೋಡುವುದೇ ಪರೀಕ್ಷೆ.

ಅನುಮಾನ ಅರೆಬರೆ ಇದ್ದಾಗ ಹಾಸಿಗೆಯ ಬಳಿಯಲ್ಲೇ ಬೆರಳಿನ ಪರೀಕ್ಷೆ ಮಾಡುತ್ತಾರೆ. ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸುಮಾರು 2 ಸೆಂಟಿಮೀಟರ್ ಉದ್ದ ಪೊರೆಯವರೆಗೆ ಕೊಯ್ಯುತ್ತಾರೆ. ಜೀವವಿರುವ ಭಾಗವಾದರೆ ಕೆಂಪು ರಕ್ತ ಒಸರುತ್ತದೆ, ಕೊಬ್ಬು ಪೊರೆಗೆ ಅಂಟಿಕೊಂಡು ಬೆರಳನ್ನು ತಡೆಯುತ್ತದೆ. ಕೊಳೆತಿದ್ದರೆ ರಕ್ತವಿಲ್ಲ. ಪಾತ್ರೆ ತೊಳೆದ ನೀರಿನಂಥ ಬೂದುಬಣ್ಣದ ನೀರು ಬರುತ್ತದೆ, ಬೆರಳಿಟ್ಟು ದೂಡಿದರೆ ಕೊಬ್ಬು ಮತ್ತು ಪೊರೆ ಒದ್ದೆ ಕಾಗದದಂತೆ ಬೇರ್ಪಡುತ್ತವೆ. ಐದು ನಿಮಿಷದ ಕೆಲಸ ಇದು. ಏನೂ ಸಿಗದಿದ್ದರೆ ಎರಡು ಹೊಲಿಗೆ ಬೀಳುತ್ತವೆ, ಅಷ್ಟೇ ನಷ್ಟ. ವೈದ್ಯರು ಇದಕ್ಕೆ ಅನುಮತಿ ಕೇಳಿದರೆ ಕೂಡಲೇ ಕೊಡಿ.

ನಡುವೆ ಒಬ್ಬರ ಎರಡು ದಿನ

ಗುರುತು ಸಿಗದಂತೆ ವಿವರ ಬದಲಿಸಿ ಒಬ್ಬರ ಗಂಟೆಗಳನ್ನು ಮಾತ್ರ ಬರೆಯುತ್ತೇನೆ. ಮಲೆನಾಡಿನ ಅಡಿಕೆ ಬೆಳೆಗಾರರು, 54 ವರ್ಷ, ಸಕ್ಕರೆ ಕಾಯಿಲೆ ಶುರುವಾಗಿ ಒಂಬತ್ತು ವರ್ಷ. ಶುಕ್ರವಾರ ಸಂಜೆ ತೋಟದಲ್ಲಿ ಒಣ ಸೋಗೆ ಎಳೆಯುವಾಗ ಎಡಗಾಲಿನ ಮುಂಭಾಗ ತರಚಿತು. ಶನಿವಾರ ಬೆಳಿಗ್ಗೆ ಅಲ್ಲಿ ರೂಪಾಯಿ ನಾಣ್ಯದಗಲ ಕೆಂಪು. ಮಧ್ಯಾಹ್ನ ಕಾಲೂರಲಾಗಲಿಲ್ಲ. ಒಂದು ಕ್ಲಿನಿಕ್ಕಿನಲ್ಲಿ ನೋವಿನ ಇಂಜೆಕ್ಷನ್ನೂ ಮಾತ್ರೆಗಳೂ ಸಿಕ್ಕವು, ಸಂಜೆವರೆಗೆ ನಿದ್ರೆ ಬಂತು. ರಾತ್ರಿ ಹತ್ತಕ್ಕೆ ನೋವು ಮರಳಿತು. ಹೆಂಡತಿ ಮೊಳಕಾಲಿನ ಮೇಲೆ, ಏನೂ ಆಗದ ಚರ್ಮದ ಮೇಲೆ ಕೈಯಿಟ್ಟಾಗಲೂ ಅವರು ಕೂಗಿದರು.

ಭಾನುವಾರ ನಸುಕು 5ಕ್ಕೆ ನರ್ಸಿಂಗ್ ಓದುವ ಸೋದರಳಿಯ ಪೆನ್ನಿನಿಂದ ಗೆರೆ ಎಳೆದ. 8 ಗಂಟೆಗೆ ಊತ ಗೆರೆಯಿಂದ ನಾಲ್ಕು ಬೆರಳು ಮೇಲಿತ್ತು. 9ಕ್ಕೆ ರೋಗಿ "ಈಗ ಹಗುರವಾಗಿದೆ, ನಾಳೆ ಹೋಗೋಣ" ಎಂದರು. ಹುಡುಗ ಕಾಲಿನ ಚರ್ಮ ಚಿವುಟಿದ, ಮಾವನಿಗೆ ತಿಳಿಯಲಿಲ್ಲ. ಅವನು ಅವರನ್ನು ನಾಳೆಗೆ ಬಿಡಲಿಲ್ಲ.

10.45ಕ್ಕೆ ನಮ್ಮಲ್ಲಿಗೆ ಬಂದಾಗ ರಕ್ತದೊತ್ತಡ 90/60, ನಾಡಿ 118, ಸಕ್ಕರೆ 412, ಸೋಡಿಯಂ 128. ಎಕ್ಸ್‌ರೇಯಲ್ಲಿ ಗಾಳಿ ಇಲ್ಲ. ಚರ್ಮದ ಮೇಲೆ ಅಂಗೈಯಗಲದ ಕಂದು ಕಲೆ, ಒಂದೇ ಗುಳ್ಳೆ. ಡ್ರಿಪ್, ಇನ್ಸುಲಿನ್, ಆಂಟಿಬಯಾಟಿಕ್ ಶುರುವಾಗುತ್ತಿದ್ದಂತೆ ಬೆರಳಿನ ಪರೀಕ್ಷೆ ಮಾಡಿದೆವು. ಬೆರಳು ತಡೆಯಿಲ್ಲದೆ ಮೊಳಕಾಲಿನತ್ತ ಸರಿಯಿತು. 12.30ಕ್ಕೆ ಅವರು ಆಪರೇಷನ್ ಟೇಬಲ್ಲಿನ ಮೇಲಿದ್ದರು. ಕೊಯ್ದಾಗ ಹೊಳೆಯುವ ಬಿಳಿಯಿರಬೇಕಿದ್ದ ಪೊರೆ ಬೂದಿಬಣ್ಣಕ್ಕೆ ತಿರುಗಿತ್ತು, ಕಣಕಾಲಿನಿಂದ ಮೊಳಕಾಲಿನ ಮೇಲೆ ಒಂದು ಗೇಣಿನವರೆಗೆ. ಅದರಡಿಯ ಮಾಂಸ ಇನ್ನೂ ಕೆಂಪಗಿತ್ತು, ಮುಟ್ಟಿದರೆ ಅದಿರುತ್ತಿತ್ತು. ಅದಕ್ಕೇ ಕಾಲು ಉಳಿಯಿತು.

7. ಒಪ್ಪಿಗೆ ಪತ್ರ: ಏಕೆ ಇಂದೇ, ಏಕೆ ಈಗಲೇ

"ಆಂಟಿಬಯಾಟಿಕ್ ಹೋಗುತ್ತಿದೆಯಲ್ಲ, ಬೆಳಿಗ್ಗೆವರೆಗೆ ನೋಡೋಣ" ಎಂಬ ಮಾತಿಗೆ ಬರುತ್ತೇನೆ. ಔಷಧಿ ಹೋಗುವುದು ರಕ್ತದ ದಾರಿಯಲ್ಲಿ. ಸತ್ತ ಪೊರೆಗೆ ರಕ್ತದ ದಾರಿಯೇ ಮುಚ್ಚಿದೆ. ಕಾಲುವೆ ಹೂತುಹೋದ ಗದ್ದೆಗೆ ತೂಬು ಎಷ್ಟು ತೆರೆದರೂ ನೀರು ಹೋಗದು. ಔಷಧಿ ಸುತ್ತಲಿನ ಜೀವಂತ ಭಾಗವನ್ನು ಕಾಯುತ್ತದೆ, ರಕ್ತದಲ್ಲಿರುವ ರೋಗಾಣುವನ್ನು ಕೊಲ್ಲುತ್ತದೆ. ಕ್ಲಿಂಡಮೈಸಿನ್ ಎಂಬ ಔಷಧಿಯನ್ನು ಜೊತೆಗೆ ಕೊಡುವುದು ರೋಗಾಣು ವಿಷ ತಯಾರಿಸುವುದನ್ನು ತಡೆಯಲಿಕ್ಕೆ. ಆದರೆ ಕೊಳೆತ ಪೊರೆಯೊಳಗೆ ಕುಳಿತ ರೋಗಾಣುವನ್ನು ಕತ್ತಿ ಮಾತ್ರ ಮುಟ್ಟಬಲ್ಲದು. ಅದು ಅಲ್ಲಿರುವವರೆಗೆ ವಿಷ ರಕ್ತಕ್ಕೆ ಸುರಿಯುತ್ತಲೇ ಇರುತ್ತದೆ, ಒತ್ತಡ ಇಳಿಯುತ್ತದೆ, ಮೂತ್ರ ನಿಲ್ಲುತ್ತದೆ.

ಇದು ಹೊಸ ತಿಳಿವಳಿಕೆಯೂ ಅಲ್ಲ. 1924ರಲ್ಲಿ, ಪೆನಿಸಿಲಿನ್ ಪತ್ತೆಯಾಗುವುದಕ್ಕೂ ಮೊದಲು, ಫ್ರಾಂಕ್ ಮೆಲೆನಿ ಎಂಬ ಅಮೆರಿಕದ ಶಸ್ತ್ರಚಿಕಿತ್ಸಕ ಚೀನಾದ ಪೀಕಿಂಗ್‌ನಲ್ಲಿ ಕಂಡ 20 ರೋಗಿಗಳ ಬಗ್ಗೆ ಬರೆದರು. ಆಂಟಿಬಯಾಟಿಕ್ ಎಂಬುದೇ ಇಲ್ಲದ ಕಾಲದಲ್ಲಿ, ಬೇಗ ಕೊಯ್ದು ತೆರೆದಿಡುವ ಚಿಕಿತ್ಸೆಯಿಂದಲೇ ಐವರಲ್ಲಿ ನಾಲ್ವರು ಬದುಕಿದರು. ಕೊಯ್ಯದೆ ಬರಿಯ ಔಷಧಿಯಿಂದ ಅಂಥ ಫಲ ಇಂದಿಗೂ ಸಿಗುವುದಿಲ್ಲ.

ಗಂಟೆಗಳ ಲೆಕ್ಕ ಬೇಕೆಂದರೆ, ಅನೇಕ ಅಧ್ಯಯನಗಳನ್ನು ಕೂಡಿಸಿ ನೋಡಿ 2020ರಲ್ಲಿ ಪ್ರಕಟಿಸಿದ ವರದಿಯೊಂದಿದೆ. ಆಸ್ಪತ್ರೆಗೆ ಬಂದ 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆದವರಲ್ಲಿ ನೂರಕ್ಕೆ 19 ಮಂದಿ ತೀರಿಕೊಂಡರು, 6 ಗಂಟೆ ದಾಟಿದವರಲ್ಲಿ 32 ಮಂದಿ. ಊರಿನಿಂದ ಅಣ್ಣ ಬರಲಿ, ರಾಹುಕಾಲ ಕಳೆಯಲಿ, ಇನ್ನೊಬ್ಬ ಡಾಕ್ಟರನ್ನು ಕೇಳೋಣ ಎನ್ನುವಾಗ ಈ ಎರಡು ಅಂಕಿಗಳ ನಡುವಿನ ಹದಿಮೂರು ಜನರನ್ನು ನೆನೆಯಿರಿ. ಅಣ್ಣನೊಂದಿಗೆ ವೈದ್ಯರನ್ನೇ ಫೋನಿನಲ್ಲಿ ಮಾತನಾಡಿಸಿ, ಅಷ್ಟು ಸಾಕು. ಸಕ್ಕರೆ 400 ಇರುವಾಗ ಆಪರೇಷನ್ ಹೇಗೆ ಎಂಬ ಹೆದರಿಕೆಯೂ ಸಹಜ. ಸಾಮಾನ್ಯ ಆಪರೇಷನ್ನಿಗೆ ಸಕ್ಕರೆ ಇಳಿಯುವವರೆಗೆ ಕಾಯುವುದು ಸರಿ. ಇಲ್ಲಿ ಸಕ್ಕರೆ ಏರಿಸುತ್ತಿರುವುದೇ ನಂಜು, ಅದನ್ನು ತೆಗೆಯದೆ ಇಳಿಯುವುದಿಲ್ಲ. ಇನ್ಸುಲಿನ್ ಡ್ರಿಪ್ ಜೊತೆಗೇ ಹೋಗುತ್ತಿರುತ್ತದೆ.

ಸಹಿ ಹಾಕುವ ಮೊದಲು ಮೂರು ವಿಷಯ ಕೇಳಿ ತಿಳಿದುಕೊಳ್ಳಿ. ಎಷ್ಟು ದೊಡ್ಡದಾಗಿ ಕೊಯ್ಯಬೇಕಾಗಬಹುದು? ಕಾಲು ತೆಗೆಯುವ ಸಂದರ್ಭ ಬರಬಹುದೇ, ಬಂದರೆ ಅದನ್ನು ಟೇಬಲ್ಲಿನ ಮೇಲೆಯೇ ನಿರ್ಧರಿಸುತ್ತೀರಾ? ಎಷ್ಟು ಬಾಟಲಿ ರಕ್ತ ಬೇಕು? ಮಾಂಸವೂ ಸತ್ತು, ರೋಗಿಯ ಒತ್ತಡ ಔಷಧಿಗೂ ಏರದಿದ್ದಾಗ ಕಾಲು ತೆಗೆಯುವುದೊಂದೇ ಪ್ರಾಣ ಉಳಿಸುವ ದಾರಿಯಾಗುತ್ತದೆ. ಆ ಮಾತನ್ನು ಮೊದಲೇ ಆಡಿಕೊಂಡಿದ್ದರೆ, ಆಪರೇಷನ್ ನಡುವೆ ಹೊರಗೆ ಬಂದು ಕೇಳುವ ವೈದ್ಯರಿಗೆ ಉತ್ತರಿಸಲು ಹೊತ್ತು ಹಿಡಿಯುವುದಿಲ್ಲ.

8. ಮೊದಲ ಆಪರೇಷನ್ ಮುಗಿದ ಮೇಲೆ

ಗಾಯವನ್ನು ಹೊಲಿಯದೆ ಹಾಗೆಯೇ ತೆರೆದು ಬಿಟ್ಟಿರುತ್ತಾರೆ, ದೊಡ್ಡದಾಗಿರುತ್ತದೆ. ಬ್ಯಾಂಡೇಜ್ ಬದಲಿಸುವಾಗ ಮೊದಲ ಸಲ ನೋಡಿದ ಮನೆಯವರು ಕುಸಿದು ಕೂರುವುದನ್ನು ಕಂಡಿದ್ದೇನೆ, ಆದ್ದರಿಂದ ಮೊದಲೇ ಹೇಳುತ್ತಿದ್ದೇನೆ. ಹೊಲಿದರೆ ಉಳಿದ ನಂಜು ಒಳಗೇ ಸಿಕ್ಕಿಕೊಳ್ಳುತ್ತದೆ.

ಎರಡನೇ ಆಪರೇಷನ್ 24ರಿಂದ 36 ಗಂಟೆಯೊಳಗೆ ಇರುತ್ತದೆ. ಮೊದಲನೆಯದು ವಿಫಲವಾಯಿತು ಎಂದು ತಿಳಿಯಬೇಡಿ, ಅದು ಮೊದಲೇ ನಿಗದಿಯಾದ ಭಾಗ. ಅಂಚಿನಲ್ಲಿ ನಿನ್ನೆ ಜೀವವಿದ್ದಂತೆ ಕಂಡದ್ದು ಇಂದು ಸತ್ತಿರಬಹುದು, ಅದನ್ನು ತೆಗೆಯಬೇಕು. ತೆಗೆಯಲು ಏನೂ ಸಿಗದ ದಿನದವರೆಗೆ ಹೀಗೆ ನೋಡುತ್ತಲೇ ಇರುತ್ತಾರೆ. ಮೇಲೆ ಹೇಳಿದ ಬೆಳೆಗಾರರಿಗೆ ಸೋಮವಾರ ಮಧ್ಯಾಹ್ನ ತೊಡೆಯ ಒಳಬದಿಯಲ್ಲಿ ಇನ್ನೂ ನಾಲ್ಕು ಬೆರಳಗಲ ತೆಗೆಯಬೇಕಾಯಿತು. ಬುಧವಾರ ತೆರೆದಾಗ ಎಲ್ಲ ಕಡೆ ಕೆಂಪಗೆ ರಕ್ತ ಜಿನುಗುತ್ತಿತ್ತು. ಆಂಟಿಬಯಾಟಿಕ್ ಅನ್ನು ಅಲ್ಲಿಗೆ ನಿಲ್ಲಿಸಲಿಲ್ಲ; ಕತ್ತರಿಸುವ ಅಗತ್ಯ ಮುಗಿದು, ಜ್ವರವಿಲ್ಲದೆ ಎರಡು ಮೂರು ದಿನ ಕಳೆದ ಮೇಲೆ ನಿಲ್ಲಿಸಿದೆವು.

ಆಮೇಲಿನದು ನಿಧಾನದ ಕೆಲಸ. ಗಾಯದ ತಳದಲ್ಲಿ ದಾಳಿಂಬೆ ಕಾಳಿನಂಥ ಕೆಂಪು ಮಾಂಸ ತುಂಬಿಕೊಂಡ ಮೇಲೆ ತೊಡೆಯಿಂದ ತೆಳುವಾದ ಚರ್ಮ ತೆಗೆದು ಕಸಿ ಮಾಡುತ್ತಾರೆ. ಅವರಿಗೆ ಅದು 19ನೇ ದಿನ ಆಯಿತು, ಮನೆಗೆ ಹೋದದ್ದು 31ನೇ ದಿನ. ಈ ದಿನಗಳಲ್ಲಿ ಮನೆಯವರು ನೋಡಿಕೊಳ್ಳಬೇಕಾದದ್ದು ಊಟ. ತೆರೆದ ಗಾಯದಿಂದ ದಿನವೂ ಪ್ರೋಟೀನ್ ಸೋರಿಹೋಗುತ್ತದೆ. ಸಕ್ಕರೆ ಕಾಯಿಲೆಯೆಂದು ಗಂಜಿ, ಬ್ರೆಡ್ಡಿನಲ್ಲೇ ಇಡಬೇಡಿ. ಮೊಟ್ಟೆ, ಬೇಳೆ, ಮೊಸರು, ತಿನ್ನುವವರಿಗೆ ಮೀನು ಮಾಂಸ ಕೊಡಿ, ಸಕ್ಕರೆಯನ್ನು ಇನ್ಸುಲಿನ್ ನೋಡಿಕೊಳ್ಳುತ್ತದೆ. ಕಸಿ ಹಿಡಿದ ಮೇಲೆ ಆ ಚರ್ಮಕ್ಕೆ ಬೆವರಿಲ್ಲ, ಎಣ್ಣೆಯಿಲ್ಲ. ದಿನಕ್ಕೆರಡು ಸಲ ಕೊಬ್ಬರಿ ಎಣ್ಣೆ ಹಚ್ಚಿ, ತೋಟಕ್ಕೆ ಇಳಿಯುವಾಗ ಮೊಳಕಾಲಿನವರೆಗೆ ಬೂಟು ಹಾಕಿಸಿ, ಏಕೆಂದರೆ ಅಲ್ಲಿ ಇನ್ನೊಮ್ಮೆ ತರಚಿದರೆ ಅವರಿಗೆ ಗೊತ್ತಾಗುವುದಿಲ್ಲ.

ಮನೆಯ ಉಳಿದವರಿಗೆ ಇದು ಅಂಟುತ್ತದೆಯೇ ಎಂದೂ ಬಹಳ ಜನ ಕೇಳುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಇಲ್ಲ. ರೋಗಿಯನ್ನು ಮುಟ್ಟಬಹುದು, ಪಕ್ಕದಲ್ಲಿ ಕೂರಬಹುದು. ಗಾಯದ ಬಟ್ಟೆ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆದರೆ ಸಾಕು. ಪ್ರಯೋಗಾಲಯದ ವರದಿಯಲ್ಲಿ ಗ್ರೂಪ್ ಎ ಸ್ಟ್ರೆಪ್ಟೊಕಾಕಸ್ ಎಂದು ಬಂದಿದ್ದರೆ ಮಾತ್ರ ಒಂದೇ ಮನೆಯಲ್ಲಿರುವ ವೃದ್ಧರು, ಬಾಣಂತಿಯರು, ಸಕ್ಕರೆ ಕಾಯಿಲೆ ಇರುವವರ ಬಗ್ಗೆ ವೈದ್ಯರಿಗೆ ತಿಳಿಸಿ. ಮುಂದಿನ ಒಂದು ತಿಂಗಳು ಅವರಲ್ಲಿ ಯಾರಿಗಾದರೂ ಜ್ವರ, ಗಂಟಲು ನೋವು ಅಥವಾ ಕಾರಣವಿಲ್ಲದ ಕೈಕಾಲು ನೋವು ಬಂದರೆ ಅದೇ ದಿನ ತೋರಿಸಿ.